ಏಣಿ ಹತ್ತುವ ಮುನ್ನ: ಕಟ್ಟಡ ಕೆಲಸಗಾರರಿಗೆ ರಕ್ಷಣಾ ಸಾಧನ ಮತ್ತು ಏಣಿ ಬಳಕೆಯ ಮಾರ್ಗದರ್ಶಿ

ಸೈಟಿನ ಕೆಲಸಕ್ಕೆ ಹೊಸದಾಗಿ ಸೇರಿದವರಿಗಾಗಿ ಈ ಹಾಳೆ. ಎಲ್ಲ ಅಪಾಯಗಳನ್ನೂ ಒಂದೇ ಉಸಿರಿಗೆ ಹೇಳುವ ಬದಲು ಒಂದು ಸಾಮಾನ್ಯ ಕೆಲಸವನ್ನು ಮೊದಲಿಂದ ಕೊನೆಯವರೆಗೆ ನೋಡೋಣ. ನೆಲದಿಂದ 3.2 ಮೀಟರ್ ಎತ್ತರದಲ್ಲಿ ಒಂದು ಸ್ಲ್ಯಾಬ್ ಇದೆ. ನೀವು ಏಣಿ ಹಾಕಿ ಅಲ್ಲಿಗೆ ಹತ್ತಬೇಕು, ಮೇಲೆ ಕಂಬಿ ಕಟ್ಟಬೇಕು, ಸಂಜೆ ಇಳಿದು ಬರಬೇಕು. ಇಷ್ಟಕ್ಕೆ ಮೈಮೇಲೆ ಏನಿರಬೇಕು, ಏಣಿ ಎಲ್ಲಿ ನಿಲ್ಲಬೇಕು, ಎಲ್ಲೆಲ್ಲಿ ತಪ್ಪುತ್ತದೆ ಎಂಬುದೇ ಮುಂದಿನ ವಿಷಯ.

ಶುರುವಿನಲ್ಲೇ ಒಂದು ಮಾತು ತಿಳಿದಿರಲಿ. ಹೆಲ್ಮೆಟ್ ಆಗಲಿ, ಶೂ ಆಗಲಿ, ಬೆಲ್ಟ್ ಆಗಲಿ ನಿಮ್ಮನ್ನು ಬೀಳದಂತೆ ತಡೆಯುವುದಿಲ್ಲ. ಏಟು ಬಿದ್ದ ಮೇಲೆ ಪೆಟ್ಟನ್ನು ಕಡಿಮೆ ಮಾಡುವುದಷ್ಟೇ ಅವುಗಳ ಕೆಲಸ. ಬೀಳದಂತೆ ನೋಡಿಕೊಳ್ಳುವುದು ಏಣಿಯನ್ನು ನಿಲ್ಲಿಸುವ ರೀತಿ. ಹಾಗಾಗಿ ಸಾಧನಗಳ ಬಗ್ಗೆ ಅಗತ್ಯವಿದ್ದಷ್ಟು ಹೇಳಿ, ಏಣಿಯ ಬಗ್ಗೆ ಹೆಚ್ಚು ಹೇಳುತ್ತೇವೆ.

1. ತಲೆಯಿಂದ ಕಾಲಿನವರೆಗೆ: ಹಾಕಿಕೊಳ್ಳುವ ಮೊದಲು ನೋಡಿ

ಹೆಲ್ಮೆಟ್‌ನಲ್ಲಿ ಎರಡು ಭಾಗಗಳಿವೆ. ಹೊರಗಿನ ಗಟ್ಟಿ ಚಿಪ್ಪು ಒಂದು, ಒಳಗೆ ತಲೆಯನ್ನು ಹಿಡಿದಿರುವ ಪಟ್ಟಿಗಳ ಜಾಲ ಇನ್ನೊಂದು. ಮೇಲಿಂದ ಇಟ್ಟಿಗೆ ಚೂರು ಬಿದ್ದಾಗ ಚಿಪ್ಪು ಏಟನ್ನು ಹರಡುತ್ತದೆ, ಪಟ್ಟಿಗಳು ಹಿಗ್ಗಿ ಅದನ್ನು ಹೀರಿಕೊಳ್ಳುತ್ತವೆ. ಪಟ್ಟಿ ಹಿಗ್ಗಬೇಕಾದರೆ ಚಿಪ್ಪಿಗೂ ನೆತ್ತಿಗೂ ನಡುವೆ ಒಂದು ಇಂಚಿನಷ್ಟಾದರೂ ಖಾಲಿ ಜಾಗ ಬೇಕು. ಆ ಜಾಗದಲ್ಲಿ ಬೀಡಿ ಕಟ್ಟು, ಮೊಬೈಲ್, ಮಡಚಿದ ಟವಲ್ ತುರುಕಿಟ್ಟರೆ ಏಟು ನೇರವಾಗಿ ತಲೆಬುರುಡೆಗೆ ಹೋಗುತ್ತದೆ. ಅದಕ್ಕೇ ಹೆಲ್ಮೆಟ್ ಚೀಲವಲ್ಲ ಎಂದು ಮೇಸ್ತ್ರಿಗಳು ಗದರುವುದು.

ಪ್ರತಿದಿನ ಬೆಳಿಗ್ಗೆ ಅರ್ಧ ನಿಮಿಷ ಕೊಡಿ. ಚಿಪ್ಪನ್ನು ಎರಡೂ ಕಡೆಯಿಂದ ಅಂಗೈಯಲ್ಲಿ ಮೆಲ್ಲಗೆ ಒತ್ತಿ ಬಿಡಿ. ಚಟಚಟ ಸದ್ದು ಬಂದರೆ ಅಥವಾ ಕೂದಲೆಳೆಯಂಥ ಬಿರುಕು ಕಂಡರೆ ಅದನ್ನು ಹಾಕಬೇಡಿ. ಬಿಸಿಲಿಗೆ ಬಹಳ ದಿನ ಬಿದ್ದ ಪ್ಲಾಸ್ಟಿಕ್ ಹೊಳಪು ಕಳೆದುಕೊಂಡು, ಉಜ್ಜಿದರೆ ಸುಣ್ಣದಂಥ ಪುಡಿ ಬಿಡುತ್ತದೆ. ಅಂಥದ್ದು ನೋಡಲು ಗಟ್ಟಿಯಾಗಿದ್ದರೂ ಏಟಿಗೆ ಬಿಸ್ಕತ್ತಿನಂತೆ ಮುರಿಯುತ್ತದೆ. ತಯಾರಾದ ತಿಂಗಳು, ವರ್ಷವನ್ನು ಮುಂಚಾಚಿನ ಒಳಬದಿಯಲ್ಲಿ ಅಚ್ಚು ಹಾಕಿರುತ್ತಾರೆ, ಅದನ್ನೂ ನೋಡಿ. ಒಮ್ಮೆ ಜೋರಾದ ಏಟು ತಿಂದ ಹೆಲ್ಮೆಟ್ ಹೊರಗೆ ಏನೂ ಕಾಣದಿದ್ದರೂ ಮತ್ತೆ ಬಳಕೆಗಲ್ಲ. ಪೇಂಟ್ ಬಳಿಯುವುದು, ಥಿನ್ನರ್‌ನಲ್ಲಿ ಒರೆಸುವುದು, ಗಾಳಿಗೆಂದು ತೂತು ಕೊರೆಯುವುದು ಬೇಡ. ಥಿನ್ನರ್ ಪ್ಲಾಸ್ಟಿಕ್ಕನ್ನು ಒಳಗಿಂದ ಮೆತ್ತಗೆ ಮಾಡುತ್ತದೆ.

ಗದ್ದದ ಪಟ್ಟಿಯನ್ನು ಎಲ್ಲರೂ ಬಿಡುತ್ತಾರೆ. ನೆಲದ ಮೇಲೆ ನಡೆಯುವಾಗ ಅದು ದೊಡ್ಡ ವಿಷಯ ಅನಿಸದು. ಏಣಿ ಹತ್ತುವವನು ಮಾತ್ರ ಹತ್ತು ಸಲ ತಲೆಯೆತ್ತಿ ಮೇಲೆ ನೋಡುತ್ತಾನೆ. ಪಟ್ಟಿ ಇಲ್ಲದಿದ್ದರೆ ಹೆಲ್ಮೆಟ್ ಹಿಂದಕ್ಕೆ ಜಾರುತ್ತದೆ, ಅದನ್ನು ಹಿಡಿಯಲು ಕೈ ತಾನಾಗಿಯೇ ಏಣಿ ಬಿಡುತ್ತದೆ. ಅಪಾಯ ಇರುವುದು ಆ ಒಂದು ಕ್ಷಣದಲ್ಲಿ. ಅಷ್ಟೇ ಅಲ್ಲ, ಮನುಷ್ಯ ಬೀಳುವಾಗ ಪಟ್ಟಿ ಹಾಕದ ಹೆಲ್ಮೆಟ್ ಅವನಿಗಿಂತ ಮೊದಲೇ ಬೇರೆ ದಾರಿ ಹಿಡಿದಿರುತ್ತದೆ.

ಶೂ ವಿಷಯಕ್ಕೆ ಬಂದರೆ, ಮುಂಭಾಗದಲ್ಲಿ ಬೆರಳುಗಳ ಮೇಲೆ ಉಕ್ಕಿನ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಟೋಪಿ ಇರುತ್ತದೆ. ಸೇಫ್ಟಿ ಶೂ ಎಂದು ಕರೆಸಿಕೊಳ್ಳಲು ಅದು 200 ಜೂಲ್ ಏಟನ್ನು ತಡೆಯಬೇಕು. ಸುಮಾರು 20 ಕೆ.ಜಿ. ತೂಕ 1 ಮೀಟರ್ ಎತ್ತರದಿಂದ ಬಿದ್ದ ಪೆಟ್ಟು ಎಂದುಕೊಳ್ಳಿ. ಆದರೆ ಏಣಿಯವರಿಗೆ ಬೆರಳಿಗಿಂತ ಅಂಗಾಲೇ ಮುಖ್ಯ. ಹಿಮ್ಮಡಿ ಎದ್ದು ಕಾಣುವಂತಿರಬೇಕು, ಆಗ ಪಾದ ಮೆಟ್ಟಿಲಿನ ಮೇಲೆ ಮುಂದಕ್ಕೆ ಜಾರಿಹೋಗದೆ ಹಿಮ್ಮಡಿಯ ಅಂಚಿನಲ್ಲಿ ನಿಲ್ಲುತ್ತದೆ. ಸವೆದು ನುಣ್ಣಗಾದ ಅಡಿ, ಚಪ್ಪಲಿ, ಬರಿಗಾಲು ಮೂರೂ ಏಣಿಗೆ ಒಂದೇ. ಹತ್ತುವ ಮುನ್ನ ಅಡಿಗೆ ಅಂಟಿದ ಕೆಸರನ್ನು, ಗಾರೆಯನ್ನು ಕಡ್ಡಿಯಲ್ಲಿ ಕೆರೆದು ತೆಗೆಯಿರಿ. ಶೂಗೆ ಅಂಟಿದ ಹಸಿ ಕೆಸರು ಮೊದಲ ಮೆಟ್ಟಿಲಿಗೆ, ಅಲ್ಲಿಂದ ಮುಂದಿನವನ ಕಾಲಿಗೆ ದಾಟುತ್ತದೆ.

ಕೈಗವಸು, ಕನ್ನಡಕಗಳ ಬಗ್ಗೆ ಚುಟುಕಾಗಿ. ಕಂಬಿ ಕಟ್ಟುವವರಿಗೆ ಕೈಗೆ ಬಿಗಿಯಾಗಿ ಕೂರುವ, ಅಂಗೈಗೆ ರಬ್ಬರ್ ಲೇಪಿಸಿದ ಕೈಗವಸು ಸಾಕು. ದೊಡ್ಡ ಸಡಿಲ ಗವಸು ಹಾಕಿ ಏಣಿ ಹತ್ತಿದರೆ ಹಿಡಿತ ಸಿಗುವುದಿಲ್ಲ. ತಿರುಗುವ ಯಂತ್ರದ ಹತ್ತಿರ ಗವಸು ಬೇಡವೇ ಬೇಡ, ಅದು ಗವಸಿನ ಜೊತೆ ಕೈಯನ್ನೂ ಎಳೆದುಕೊಳ್ಳುತ್ತದೆ. ಹಸಿ ಸಿಮೆಂಟ್ ಕೆಲಸಕ್ಕೆ ಮಾತ್ರ ನೀರು ಒಳಗೆ ಇಳಿಯದ ಗವಸು ಮತ್ತು ಗಂ ಬೂಟು ಬೇಕು. ಸಿಮೆಂಟಿನ ಕ್ಷಾರ ಚರ್ಮವನ್ನು ಸುಡುತ್ತದೆ, ಮೊದಲ ಒಂದೆರಡು ಗಂಟೆ ಉರಿ ಗೊತ್ತೇ ಆಗುವುದಿಲ್ಲ. ಬೂಟಿನೊಳಗೆ ಕಾಂಕ್ರೀಟ್ ನೀರು ಹೋದರೆ ಊಟದವರೆಗೆ ಕಾಯಬೇಡಿ, ಆಗಲೇ ಬಿಚ್ಚಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಇನ್ನು ಕನ್ನಡಕ: ಕಂಬಿ ಕತ್ತರಿಸುವಾಗ, ಗೋಡೆ ಕೊರೆಯುವಾಗ, ತಲೆಯ ಮೇಲೆ ಕೆಲಸ ಮಾಡುವಾಗ ಬೇಕೇ ಬೇಕು. ಏಣಿಯ ಮೇಲಿದ್ದಾಗ ಕಣ್ಣಿಗೆ ಧೂಳು ಬಿದ್ದರೆ ಕೈ ಮೊದಲು ಕಣ್ಣಿಗೇ ಹೋಗುತ್ತದೆ, ಏಣಿಯನ್ನು ಮರೆಯುತ್ತದೆ.

ಕೊರಳಿನ ಟವಲ್, ಜೋತಾಡುವ ಬಟ್ಟೆ, ಉದ್ದ ಪ್ಯಾಂಟಿನ ಮಡಿಕೆ ಬಿಚ್ಚಿ ಬಿದ್ದಿರುವುದು, ಇವುಗಳನ್ನು ಕೆಳಗೇ ಸರಿಮಾಡಿಕೊಳ್ಳಿ.

2. ಬೆಲ್ಟ್ ಯಾವಾಗ ಕಾಪಾಡುತ್ತದೆ, ಯಾವಾಗ ಇಲ್ಲ

ಬೆಲ್ಟ್ ಎಂದರೆ ಇಲ್ಲಿ ಸೊಂಟಕ್ಕೆ ಸುತ್ತುವ ಬೆಲ್ಟ್ ಅಲ್ಲ. ಅದರಲ್ಲಿ ಬಿದ್ದವನ ಪೂರ್ತಿ ಭಾರ ಹೊಟ್ಟೆ, ಬೆನ್ನೆಲುಬಿನ ಮೇಲೆ ಬೀಳುತ್ತದೆ, ತಲೆಕೆಳಗಾಗಿ ಜಾರಿ ಹೊರಬೀಳುವುದೂ ಉಂಟು. ಬೇಕಾದದ್ದು ಹೆಗಲು, ಎದೆ, ತೊಡೆಗಳನ್ನು ಹಿಡಿಯುವ ಪೂರ್ಣ ಹಾರ್ನೆಸ್.

ಹಾಕಿಕೊಳ್ಳುವ ಕ್ರಮ ಹೀಗೆ. ಬೆನ್ನಿನ ಲೋಹದ ಡಿ-ರಿಂಗ್ ಹಿಡಿದು ಹಾರ್ನೆಸ್ಸನ್ನು ಮೇಲೆತ್ತಿ ಒದರಿ, ಪಟ್ಟಿಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಅಂಗಿ ತೊಟ್ಟಂತೆ ಹೆಗಲಿಗೆ ಹಾಕಿ. ಡಿ-ರಿಂಗ್ ಬೆನ್ನಿನ ಎರಡು ಹೆಗಲೆಲುಬುಗಳ ನಡುವೆ ಬರಬೇಕು, ಸೊಂಟಕ್ಕೆ ಇಳಿದಿರಬಾರದು. ತೊಡೆಪಟ್ಟಿಗಳನ್ನು ಕಾಲುಗಳ ನಡುವಿನಿಂದ ತಂದು ತಿರುಚದೆ ಬಕಲ್ ಹಾಕಿ, ಆಮೇಲೆ ಎದೆಪಟ್ಟಿ. ಬಿಗಿ ಸರಿಯಿದೆಯೇ ಎಂದು ನೋಡಲು ಸುಲಭ ಉಪಾಯವಿದೆ: ತೊಡೆಪಟ್ಟಿಯ ಕೆಳಗೆ ಚಾಚಿದ ಅಂಗೈ ಹೋಗಬೇಕು, ಮುಷ್ಟಿ ಹೋಗಬಾರದು.

ಪಟ್ಟಿಯನ್ನು ಇಂಚಿಂಚೂ ಕೈಯಲ್ಲಿ ಬಗ್ಗಿಸುತ್ತ ನೋಡಿ. ಬಗ್ಗಿಸಿದಾಗ ಎಳೆ ಕಿತ್ತಿರುವುದು, ವೆಲ್ಡಿಂಗ್ ಕಿಡಿ ಬಿದ್ದು ಕರಗಿ ಗಟ್ಟಿಯಾದ ಚುಕ್ಕೆ, ಒಣಗಿದ ಸಿಮೆಂಟ್ ಕಣ್ಣಿಗೆ ಬೀಳುತ್ತವೆ. ಹೊಲಿಗೆ ಬೇರೆ ಬಣ್ಣದ ದಾರದ್ದಿದ್ದರೆ ಬಿಟ್ಟ ಜಾಗ ಎದ್ದು ಕಾಣುತ್ತದೆ. ಡಿ-ರಿಂಗಿನಿಂದ ಕೊಕ್ಕೆಯವರೆಗಿನ ಹಗ್ಗದ ನಡುವೆ ಒಂದು ದಪ್ಪ ಪೊಟ್ಟಣವಿರುತ್ತದೆ, ಅದೇ ಏಟನ್ನು ಹೀರುವ ಶಾಕ್ ಅಬ್ಸಾರ್ಬರ್. ಒಳಗೆ ಮಡಿಕೆ ಮಡಿಕೆಯಾಗಿ ಹೊಲಿದ ಪಟ್ಟಿ ಇದೆ, ಬಿದ್ದಾಗ ಆ ಹೊಲಿಗೆ ಹರಿಯುತ್ತ ಹರಿಯುತ್ತ ವೇಗವನ್ನು ಇಳಿಸುತ್ತದೆ. ಪೊಟ್ಟಣದ ಹೊದಿಕೆ ಹರಿದಿದ್ದರೆ, ಪಟ್ಟಿ ಹೊರಗೆ ಇಣುಕುತ್ತಿದ್ದರೆ ಅದು ಒಮ್ಮೆ ಯಾರನ್ನೋ ಹಿಡಿದಿರಬಹುದು, ಬಳಸಬೇಡಿ.

ಈಗ ಯಾರೂ ಹೇಳದ ಲೆಕ್ಕ. ಸಾಮಾನ್ಯ ಹಗ್ಗ 1.8 ಮೀಟರ್ ಉದ್ದ. ಬಿದ್ದಾಗ ಶಾಕ್ ಅಬ್ಸಾರ್ಬರ್ ಬಿಚ್ಚಿಕೊಂಡು ಹೆಚ್ಚೆಂದರೆ 1.75 ಮೀಟರ್ ಉದ್ದವಾಗುತ್ತದೆ. ಬೆನ್ನಿನ ರಿಂಗಿನಿಂದ ನಿಮ್ಮ ಪಾದಕ್ಕೆ 1.5 ಮೀಟರ್. ಪಾದಕ್ಕೂ ನೆಲಕ್ಕೂ ನಡುವೆ ಉಳಿಸಬೇಕಾದ್ದು ಕಡೇ ಪಕ್ಷ 1 ಮೀಟರ್. ಕೂಡಿಸಿದರೆ 6 ಮೀಟರ್ ದಾಟುತ್ತದೆ. ಅಂದರೆ ಕೊಕ್ಕೆ ಸಿಕ್ಕಿಸಿದ ಜಾಗದಿಂದ ಕೆಳಗೆ ಸುಮಾರು 6 ಮೀಟರ್ ಖಾಲಿ ಇದ್ದರೆ ಮಾತ್ರ ಈ ಹಗ್ಗ ನೆಲ ತಾಗುವ ಮೊದಲು ನಿಮ್ಮನ್ನು ನಿಲ್ಲಿಸುತ್ತದೆ.

ನಮ್ಮ ಸ್ಲ್ಯಾಬ್ ಇರುವುದು 3.2 ಮೀಟರ್‌ನಲ್ಲಿ. ಸ್ಲ್ಯಾಬಿನ ಮಟ್ಟದಲ್ಲಿ, ಕಾಲ ಬುಡದಲ್ಲಿ ಕೊಕ್ಕೆ ಹಾಕಿದರೆ ನೀವು ನೆಲಕ್ಕೆ ಬಡಿದ ಮೇಲೆ ಹಗ್ಗ ಬಿಗಿಯಾಗುತ್ತದೆ. ತಲೆಗಿಂತ ಮೇಲೆ, ಸ್ಲ್ಯಾಬಿನಿಂದ 2 ಮೀಟರ್ ಎತ್ತರದಲ್ಲಿ ಹಾಕಿದರೂ ನೆಲಕ್ಕೆ 5.2 ಮೀಟರ್ ಮಾತ್ರ. ಅಲ್ಲಿಂದ ಬೀಳುವ ದೂರ ಕಡಿಮೆಯಾಗುವುದರಿಂದ ಅಬ್ಸಾರ್ಬರ್ ಪೂರ್ತಿ ಬಿಚ್ಚದೇ ಇರಬಹುದು, ಹಾಗಂತ ಅದನ್ನೇ ನಂಬಿ ನಿಲ್ಲುವ ಎತ್ತರವಲ್ಲ ಇದು. ಇಷ್ಟು ಕಡಿಮೆ ಎತ್ತರಕ್ಕೆ ಸರಿಯಾದ ಉತ್ತರ ಅಂಚಿಗೆ ಕಟ್ಟುವ ಗಟ್ಟಿ ಕಟಕಟೆ. ಅದಾಗದಿದ್ದರೆ ಅಂಚನ್ನು ಮುಟ್ಟಲಾರದಷ್ಟು ಗಿಡ್ಡ ಹಗ್ಗ, ಅಥವಾ ತಲೆಯ ಮೇಲಿನಿಂದ ತಾನಾಗಿ ಸುತ್ತಿಕೊಳ್ಳುವ ಬ್ಲಾಕ್. ಮೈಮೇಲೆ ಹಾರ್ನೆಸ್ ಇದೆ ಎಂಬ ಧೈರ್ಯದಲ್ಲಿ ಅಂಚಿಗೆ ಹೋಗುವವರನ್ನು ನೋಡಿದರೆ, ಹಾರ್ನೆಸ್ ಇಲ್ಲದವನೇ ಹೆಚ್ಚು ಜೋಪಾನವಾಗಿ ಇರುತ್ತಾನೇನೋ ಅನಿಸುತ್ತದೆ.

ಕೊಕ್ಕೆಯನ್ನು ಏಣಿಗೆ ಎಂದೂ ಸಿಕ್ಕಿಸಬೇಡಿ. ನೀವು ಬಿದ್ದರೆ ಏಣಿಯೂ ನಿಮ್ಮ ಜೊತೆ ಬರುತ್ತದೆ. ನೀರಿನ ಪೈಪು, ಸಡಿಲ ಕಂಬಿ, ಸೆಂಟ್ರಿಂಗ್ ಹಲಗೆಯ ಮೊಳೆ ಇವೂ ಆಗುವುದಿಲ್ಲ. ಯಾವ ಕಂಬ, ಯಾವ ತೊಲೆಗೆ ಸಿಕ್ಕಿಸಬೇಕೆಂದು ಸೈಟಿನ ಇಂಜಿನಿಯರ್ ತೋರಿಸಬೇಕು.

ಹಾರ್ನೆಸ್‌ನಲ್ಲಿ ನೇತಾಡುತ್ತಿರುವವನನ್ನು ನಿಮಿಷಗಳಲ್ಲೇ ಇಳಿಸಬೇಕು. ತೊಡೆಪಟ್ಟಿ ಒತ್ತಿ, ಕಾಲು ಅಲ್ಲಾಡದೆ ರಕ್ತ ಕಾಲಲ್ಲೇ ನಿಂತು ಪ್ರಜ್ಞೆ ತಪ್ಪುತ್ತದೆ. ಹೇಗೆ ಇಳಿಸುವುದು, ಯಾರು ಇಳಿಸುವುದು ಎಂಬುದು ಕೆಲಸ ಶುರುವಾಗುವ ಮೊದಲೇ ಮಾತಾಗಿರಬೇಕು. ನೇತಾಡುವವನಿಗೆ ಎಚ್ಚರವಿದ್ದರೆ ಗೋಡೆಗೆ ಕಾಲೊತ್ತುತ್ತ, ಕಾಲಾಡಿಸುತ್ತ ಇರಲಿ.

3. ಏಣಿಯನ್ನು ಆರಿಸುವುದು

ಮೊದಲು ಉದ್ದ. ಸ್ಲ್ಯಾಬಿನ ಅಂಚು 3.2 ಮೀಟರ್ ಮೇಲಿದೆ ಎಂದು 3.5 ಮೀಟರ್ ಏಣಿ ತಂದರೆ ಮುಗಿಯಿತೇ? ಇಲ್ಲ. ಏಣಿ ಓರೆಯಾಗಿ ನಿಲ್ಲುತ್ತದೆ, ಅದಕ್ಕೇ ನೆಲದಿಂದ ಅಂಚಿನವರೆಗೆ 3.3 ಮೀಟರ್ ಖರ್ಚಾಗುತ್ತದೆ. ಅದರ ಮೇಲೆ ಇನ್ನೂ 1 ಮೀಟರ್ ಏಣಿ ಚಾಚಿರಬೇಕು, ಏಣಿಯಿಂದ ಸ್ಲ್ಯಾಬಿಗೆ ಕಾಲಿಡುವಾಗ ಕೈಗೆ ಹಿಡಿಯಲು ಅದೇ ಆಸರೆ. ಒಟ್ಟು 4.3 ಮೀಟರ್. ಹಾಗಾಗಿ 4 ಮೀಟರ್ ಏಣಿ ಸಾಲದು, 4.5 ಮೀಟರಿನದು ಬೇಕು. ಸಾಮಾನ್ಯವಾಗಿ ಮೆಟ್ಟಿಲುಗಳ ನಡುವೆ ಒಂದು ಅಡಿಯಷ್ಟು ಅಂತರ ಇರುವುದರಿಂದ, ಅಂಚಿನ ಮೇಲೆ ಮೂರು ನಾಲ್ಕು ಮೆಟ್ಟಿಲು ಕಂಡರೆ ಸರಿ ಎಂದು ಕೆಳಗಿನಿಂದಲೇ ಎಣಿಸಬಹುದು.

ಇನ್ನೂ ಉದ್ದ ಇದ್ದರೆ ಒಳ್ಳೆಯದಲ್ಲವೇ ಎಂದು ಕೇಳುವವರುಂಟು. ಅಂಚಿನಿಂದ ಬಹಳ ಮೇಲೆ ಚಾಚಿರುವ ತುದಿಗೆ ಯಾರಾದರೂ ಭಾರ ಹಾಕಿದರೆ ಅಂಚೇ ತಕ್ಕಡಿಯ ಮುಳ್ಳಾಗಿ ಬುಡ ನೆಲಬಿಟ್ಟು ಏಳುತ್ತದೆ. ಗಿಡ್ಡ ಏಣಿಯಷ್ಟೇ ತೊಂದರೆ ಇದರಲ್ಲೂ ಇದೆ.

ಆಮೇಲೆ ಸ್ಥಿತಿ. ಏಣಿಯನ್ನು ಸಮತಟ್ಟು ನೆಲದ ಮೇಲೆ ಮಲಗಿಸಿ. ನಾಲ್ಕು ಮೂಲೆಗಳೂ ನೆಲಕ್ಕೆ ತಾಗದೆ ಒಂದು ಮೂಲೆ ಎದ್ದಿದ್ದರೆ ಪಕ್ಕದ ಕಂಬ ಸೊಟ್ಟಗಾಗಿದೆ ಎಂದರ್ಥ. ಪ್ರತಿ ಮೆಟ್ಟಿಲನ್ನೂ ಕೈಯಲ್ಲಿ ತಿರುಗಿಸಲು ನೋಡಿ, ತಿರುಗಿದರೆ ಅದರ ರಿವೆಟ್ ಸಡಿಲ. ಬುಡದ ರಬ್ಬರ್ ಪಾದ ಎರಡೂ ಇವೆಯೇ, ತುಂಬ ಸವೆದಿಲ್ಲವೇ ನೋಡಿ. ಒಂದು ಪಾದ ಕಳೆದುಹೋದ ಏಣಿ ಬರೀ ಲೋಹದ ಕೊಳವೆ, ಸಿಮೆಂಟ್ ನೆಲದ ಮೇಲೆ ಹಲ್ಲಿಲ್ಲದಂತೆ ಜಾರುತ್ತದೆ.

ಮರದ ಏಣಿಗೆ ಬಣ್ಣ ಬಳಿಯಬಾರದು, ಬಿರುಕನ್ನು ಬಣ್ಣ ಮುಚ್ಚಿಬಿಡುತ್ತದೆ. ಬಿದಿರಿನ ಏಣಿಯಲ್ಲಿ ಉದ್ದುದ್ದ ಸೀಳು, ಹುಳು ಕೊರೆದ ಪುಡಿ, ಸಡಿಲಾದ ಕಟ್ಟುಗಳನ್ನು ಹುಡುಕಿ. ಸೈಟಿನಲ್ಲೇ ಹಲಗೆ ತುಂಡುಗಳಿಗೆ ಮೊಳೆ ಹೊಡೆದು ಮಾಡಿದ ಏಣಿಯಲ್ಲಿ ನಿಮ್ಮ ಭಾರವೆಲ್ಲ ಆ ಎರಡು ಮೊಳೆಗಳ ಮೇಲೆ ಇರುತ್ತದೆ. ಮೆಟ್ಟಿಲನ್ನು ಕಂಬದಲ್ಲಿ ಕಚ್ಚು ಹಾಕಿ ಕೂರಿಸದ ಅಂಥ ಏಣಿಯನ್ನು ಹತ್ತಬೇಡಿ.

ವಿದ್ಯುತ್ ತಂತಿ ಹತ್ತಿರವಿದ್ದರೆ ಅಲ್ಯೂಮಿನಿಯಂ ಏಣಿ ಸೈಟಿಗೇ ಬೇಡ, ಫೈಬರ್ ಗ್ಲಾಸಿನದು ತನ್ನಿ. ಒದ್ದೆ ಬಿದಿರು, ಒದ್ದೆ ಮರ ಕೂಡ ಕರೆಂಟ್ ಹರಿಸುತ್ತವೆ. ಮೇಲಿನ ತಂತಿಯಿಂದ ಪಕ್ಕಕ್ಕೆ 6 ಮೀಟರ್ ದೂರದೊಳಗೆ ಯಾವ ಏಣಿಯನ್ನೂ ಎಬ್ಬಿಸಬೇಡಿ. ಅಷ್ಟರೊಳಗೆ ಕೆಲಸವಿದ್ದರೆ ಲೈನ್ ಬಂದ್ ಆದ ಮೇಲೆ ಶುರುವಾಗಲಿ. ಏಣಿಯನ್ನು ನಿಲ್ಲಿಸಿಕೊಂಡು ನಡೆಯಬಾರದು, ಇಬ್ಬರು ಸೇರಿ ಮಲಗಿಸಿ ಹೊರಬೇಕು. ತಂತಿಗೆ ತಾಗಿದ ಏಣಿಯನ್ನಾಗಲಿ, ಅದನ್ನು ಹಿಡಿದವನನ್ನಾಗಲಿ ಕರೆಂಟ್ ಹೋಗಿದೆ ಎಂದು ಖಚಿತವಾಗುವವರೆಗೆ ಮುಟ್ಟಬೇಡಿ, ಹತ್ತಿರವೂ ಹೋಗಬೇಡಿ.

4. ಏಣಿ ನಿಲ್ಲಿಸುವುದು: ನಾಲ್ಕಕ್ಕೆ ಒಂದು

ನಿಯಮ ಚಿಕ್ಕದು. ಏಣಿ ಆನಿಸುವ ಜಾಗ ನಾಲ್ಕು ಅಳತೆ ಎತ್ತರದಲ್ಲಿದ್ದರೆ ಬುಡ ಗೋಡೆಯಿಂದ ಒಂದು ಅಳತೆ ದೂರ. ನಮ್ಮ ಸ್ಲ್ಯಾಬ್ 3.2 ಮೀಟರ್, ಬುಡ 0.8 ಮೀಟರ್. ಕೋನ ಸುಮಾರು 75 ಡಿಗ್ರಿ ಆಗುತ್ತದೆ. ಟೇಪ್ ಇಲ್ಲದಿದ್ದರೆ ಮೈಯೇ ಅಳತೆಗೋಲು: ಕಾಲ್ಬೆರಳು ಏಣಿಯ ಬುಡಕ್ಕೆ ತಾಗುವಂತೆ ನೇರ ನಿಂತು, ಎರಡೂ ಕೈಗಳನ್ನು ಹೆಗಲಮಟ್ಟಕ್ಕೆ ಚಾಚಿ. ಅಂಗೈ ಮೆಟ್ಟಿಲಿಗೆ ಸರಿಯಾಗಿ ಸಿಕ್ಕರೆ ಏಣಿ ಸರಿ ನಿಂತಿದೆ. ಮೊಣಕೈ ಮಡಚಬೇಕಾದರೆ ಏಣಿ ಬಹಳ ನೆಟ್ಟಗೆ ನಿಂತಿದೆ. ಕೈಚಾಚಿದರೂ ಎಟುಕದಿದ್ದರೆ ಏಣಿ ಗೋಡೆಯತ್ತ ಹೆಚ್ಚು ಮಲಗಿದೆ.

ನಾಲ್ಕಕ್ಕೆ ಒಂದು ಏಕೆ ಎಂಬುದನ್ನು ಲೆಕ್ಕದಲ್ಲೇ ನೋಡೋಣ. 80 ಕೆ.ಜಿ. ಮನುಷ್ಯ ಏಣಿಯ ಮೇಲ್ತುದಿಯ ಹತ್ತಿರ ನಿಂತಿದ್ದಾನೆ. ಬುಡ 0.8 ಮೀಟರ್ ದೂರವಿದ್ದರೆ ಬುಡವನ್ನು ಹೊರಕ್ಕೆ ತಳ್ಳುವ ಬಲ ಅವನ ತೂಕದ ಕಾಲುಭಾಗ, ಸುಮಾರು 20 ಕೆ.ಜಿ. ಒಣ ಕಾಂಕ್ರೀಟಿನ ಮೇಲಿನ ಒಳ್ಳೆಯ ರಬ್ಬರ್ ಪಾದಕ್ಕೆ ಅದು ಲೆಕ್ಕವೇ ಅಲ್ಲ. ಅದೇ ಬುಡವನ್ನು 2 ಮೀಟರ್ ದೂರಕ್ಕೆ ಎಳೆದಿಟ್ಟರೆ ತಳ್ಳುವ ಬಲ 50 ಕೆ.ಜಿ. ಆಗುತ್ತದೆ. ನೆಲದಲ್ಲಿ ಸಿಮೆಂಟ್ ಪುಡಿ ಇದ್ದರೆ ಕಾಳಿನ ಮೇಲೆ ಕಾಲಿಟ್ಟ ಹಾಗೆ, ಬುಡ ಹೊರಟೇಬಿಡುತ್ತದೆ.

ಇಲ್ಲಿ ಮೋಸಹೋಗುವ ಒಂದು ಸಂಗತಿ ಇದೆ. ಈ ತಳ್ಳುವ ಬಲ ಮನುಷ್ಯ ಮೇಲೆ ಹೋದ ಹಾಗೆ ಬೆಳೆಯುತ್ತದೆ. ಅರ್ಧ ಹತ್ತಿದಾಗ 50ರ ಬದಲು 25 ಮಾತ್ರ. ಹಾಗಾಗಿ ಮೊದಲ ಎರಡು ಮೆಟ್ಟಿಲು ಹತ್ತಿ ಕುಣಿದು, ‘ಗಟ್ಟಿಯಾಗಿದೆ’ ಎಂದು ನೋಡುವುದರಿಂದ ಏನೂ ಗೊತ್ತಾಗುವುದಿಲ್ಲ. ಕೆಳಗೆ ಬಂಡೆಯಂತೆ ನಿಂತ ಏಣಿ, ನೀವು ಮೇಲೆ ತಲುಪಿ ಸ್ಲ್ಯಾಬಿಗೆ ಕಾಲೆತ್ತುವ ಹೊತ್ತಿಗೇ ಜಾರುತ್ತದೆ.

ಇನ್ನು ಬುಡ ತೀರಾ ಹತ್ತಿರ, 0.4 ಮೀಟರ್ ಇದ್ದರೆ? ಏಣಿ ಹತ್ತುವವನ ಮೈ ಏಣಿಯಿಂದ ಹೊರಗೇ ಇರುತ್ತದೆ. ಏಣಿ ಇಷ್ಟು ನೆಟ್ಟಗಿದ್ದರೆ ಅವನ ಭಾರ ಬುಡಕ್ಕಿಂತ ಹಿಂದೆ ಬೀಳಬಹುದು. ಒಂದು ಕೈ ಬಿಟ್ಟು ಸ್ವಲ್ಪ ಹಿಂದೆ ವಾಲಿದರೂ ಮೇಲ್ತುದಿ ಗೋಡೆ ಬಿಟ್ಟು, ಏಣಿ ಮತ್ತು ಮನುಷ್ಯ ಬೆನ್ನಡಿಯಾಗಿ ಬರುತ್ತಾರೆ.

ಬುಡದ ಜಾಗ ಗುಡಿಸಿ, ಒಣಗಿಸಿ. ಮಣ್ಣಿನ ನೆಲವಾದರೆ ಅಗಲವಾದ ಹಲಗೆ ಇಟ್ಟು ಅದು ಜಾರದಂತೆ ಗೂಟ ಹೊಡೆಯಿರಿ. ಒಂದು ಕಾಲು ತಗ್ಗಿನಲ್ಲಿದ್ದರೆ ಇಟ್ಟಿಗೆ ಚೂರು ಸೇರಿಸಿ ಎತ್ತರಿಸುವುದು ನಮ್ಮಲ್ಲಿ ಬಹಳ ನಡೆಯುತ್ತದೆ, ಬೇಡ. ಮಣ್ಣನ್ನೇ ಅಗೆದು ಸಮ ಮಾಡಿ. ಡ್ರಮ್ಮು, ಟೇಬಲ್, ತಳ್ಳುಗಾಡಿ ಇವುಗಳ ಮೇಲೆ ಏಣಿ ನಿಲ್ಲಿಸಬಾರದು. ಹಿಂದೆ ಬಾಗಿಲಿದ್ದರೆ ಅದನ್ನು ಚಿಲಕ ಹಾಕಿ, ಇಲ್ಲವೇ ಪೂರ್ತಿ ತೆರೆದು ಕಟ್ಟಿಹಾಕಿ.

5. ಕಟ್ಟುವುದು

ಏಣಿಯ ಎರಡೂ ಪಕ್ಕದ ಕಂಬಗಳನ್ನು ಅಂಚಿನ ಹತ್ತಿರ ಗಟ್ಟಿ ಕಂಬಕ್ಕೋ ತೊಲೆಗೋ ಹಗ್ಗದಲ್ಲಿ ಕಟ್ಟಬೇಕು. ಮೆಟ್ಟಿಲಿಗೆ ಕಟ್ಟಬೇಡಿ. ಒಂದು ಪಕ್ಕ ಮಾತ್ರ ಕಟ್ಟಿದ ಏಣಿ ಆ ಕಟ್ಟಿನ ಸುತ್ತ ಬಾಗಿಲಿನಂತೆ ತಿರುಗುತ್ತದೆ.

ಮೇಲೆ ಕಟ್ಟಲು ಯಾರಾದರೂ ಕಟ್ಟದ ಏಣಿಯನ್ನೇ ಹತ್ತಬೇಕಲ್ಲ? ಆ ಮೊದಲ ಸಲಕ್ಕೆ ಇದು ಕ್ರಮ. ಬುಡಕ್ಕೆ ಗೂಟ ಹೊಡೆದು ಅಥವಾ ಕೆಳಗಿನ ಕಂಬಕ್ಕೆ ಕಟ್ಟಿ ಜಾರದಂತೆ ಮಾಡಿ. ಒಬ್ಬರು ಕೆಳಗೆ ನಿಂತು, ಒಂದು ಕಾಲನ್ನು ಕೊನೆಯ ಮೆಟ್ಟಿಲ ಮೇಲಿಟ್ಟು, ಎರಡೂ ಕೈಯಲ್ಲಿ ಪಕ್ಕದ ಕಂಬಗಳನ್ನು ಹಿಡಿಯಲಿ. ಹಿಡಿದವರು ಮೊಬೈಲ್ ನೋಡಬಾರದು, ಕರೆದರೆಂದು ಹೋಗಬಾರದು. ಹತ್ತಿದವರು ಬೇರೆ ಯಾವ ಕೆಲಸಕ್ಕೂ ಕೈ ಹಾಕದೆ ಮೊದಲು ಎರಡೂ ಪಕ್ಕ ಕಟ್ಟಲಿ. ಕೆಳಗೆ ಹಿಡಿಯುವವನು ಹಗ್ಗಕ್ಕೆ ಬದಲಿಯಲ್ಲ: ಜಾರಲು ಹೊರಟ ಏಣಿಯನ್ನು ತೋಳಿನ ಬಲದಲ್ಲಿ ತಡೆಯುವುದು ಬಹಳ ಮಟ್ಟಿಗೆ ಆಗದ ಮಾತು.

6. ಹತ್ತುವುದು, ಇಳಿಯುವುದು

ಏಣಿಗೆ ಮುಖ ಮಾಡಿ. ಎರಡು ಕೈ, ಎರಡು ಕಾಲು ಈ ನಾಲ್ಕರಲ್ಲಿ ಮೂರು ಯಾವಾಗಲೂ ಏಣಿಯ ಮೇಲಿರಬೇಕು, ಒಂದು ಮಾತ್ರ ಚಲಿಸಬೇಕು. ಬಾಂಡಲಿ ತಲೆಯ ಮೇಲಿಟ್ಟು ಒಂದು ಕೈಯಲ್ಲಿ ಹಿಡಿದು ಹತ್ತಿದರೆ ಏಣಿಗೆ ಉಳಿಯುವುದು ಒಂದೇ ಕೈ. ಅದು ಮುಂದಿನ ಮೆಟ್ಟಿಲಿಗೆ ಹೋಗುವಾಗ ನೀವು ಬರೀ ಕಾಲಿನ ಮೇಲಿದ್ದೀರಿ. ಸುತ್ತಿಗೆ, ಕಂಬಿ ಕಟ್ಟುವ ಕೊಕ್ಕೆ ಸೊಂಟದ ಚೀಲದಲ್ಲಿರಲಿ. ಬೈಂಡಿಂಗ್ ತಂತಿ, ಗಾರೆ ಎಲ್ಲ ಬಕೆಟ್‌ನಲ್ಲಿ ಹಗ್ಗ ಕಟ್ಟಿ ಎಳೆದುಕೊಳ್ಳಿ, ಬಕೆಟ್ ಏರುವಾಗ ಕೆಳಗೆ ಯಾರೂ ನಿಲ್ಲದಿರಲಿ. ಒಂದು ಏಣಿಯಲ್ಲಿ ಒಂದು ಹೊತ್ತಿಗೆ ಒಬ್ಬರೇ.

ಸೊಂಟದ ಬಕಲ್ ಏಣಿಯ ಎರಡು ಕಂಬಗಳ ನಡುವೆಯೇ ಇರಬೇಕು. ಪಕ್ಕಕ್ಕೆ ಬಾಗಿ ಇನ್ನೊಂದು ಅಡಿ ಎಟುಕಿಸಿಕೊಳ್ಳುವ ಆಸೆ ಬಂದಾಗ ಇಳಿದು ಏಣಿಯನ್ನೇ ಸರಿಸಿ. ಮೇಲಿನ ಮೂರು ಮೆಟ್ಟಿಲುಗಳ ಮೇಲೆ ನಿಂತು ಕೆಲಸ ಮಾಡಬೇಡಿ, ಕೈಗೆ ಹಿಡಿಯಲು ಅಲ್ಲಿ ಏನೂ ಉಳಿಯುವುದಿಲ್ಲ. ಒಂದೇ ಜಾಗದಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಹೊತ್ತಿನ ಕೆಲಸ, ಎರಡೂ ಕೈ ಬೇಕಾದ ಕೆಲಸ, 10 ಕೆ.ಜಿ. ಮೀರಿದ ಭಾರ ಇವಕ್ಕೆ ಏಣಿ ಅಲ್ಲ, ಸಾರವೆ ಕಟ್ಟಿಸಿಕೊಡಲು ಕೇಳಿ.

ಎ ಆಕಾರದ ಮಡಚುವ ಏಣಿಯದ್ದು ಬೇರೆ ಸ್ವಭಾವ. ನಾಲ್ಕೂ ಕಾಲು ನೆಲಕ್ಕೆ ತಾಗಿ, ನಡುವಿನ ಅಡ್ಡಪಟ್ಟಿ ಪೂರ್ತಿ ಬಿಚ್ಚಿ ಲಾಕ್ ಆಗಿರಬೇಕು. ಮಡಚಿ ಗೋಡೆಗೆ ಒರಗಿಸಿ ಹತ್ತಿದರೆ ಅದರ ಪಾದಗಳು ಓರೆಯಾಗಿ ನೆಲ ಹಿಡಿಯುವುದಿಲ್ಲ. ಅದು ಹಿಂದೆ ಮುಂದೆ ಗಟ್ಟಿ, ಪಕ್ಕಕ್ಕೆ ಮೆದು. ಅದಕ್ಕೇ ಗೋಡೆಗೆ ಡ್ರಿಲ್ ಮಾಡುವಾಗ ಏಣಿಯನ್ನು ಪಕ್ಕವಾಗಿಟ್ಟು ತಳ್ಳಿದರೆ ಉರುಳುತ್ತದೆ, ಮೆಟ್ಟಿಲು ಗೋಡೆಯತ್ತ ಮುಖ ಮಾಡಿರಲಿ. ಮೇಲಿನ ಎರಡು ಮೆಟ್ಟಿಲುಗಳು ನಿಲ್ಲಲು ಅಲ್ಲ.

ಇಳಿಯುವಾಗಲೂ ಮುಖ ಏಣಿಯತ್ತಲೇ. ಸ್ಲ್ಯಾಬಿನಿಂದ ಏಣಿಗೆ ಬರುವಾಗ ಅಂಚಿನ ಮೇಲೆ ಚಾಚಿರುವ ಕಂಬಗಳನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕಾಲು ಮೆಟ್ಟಿಲಿಗೆ ಸಿಕ್ಕಿದ್ದು ಖಾತ್ರಿಯಾದ ಮೇಲೆ ಇನ್ನೊಂದು ಕಾಲು ತೆಗೆಯಿರಿ. ಸಂಜೆ ಆಯಾಸದಲ್ಲಿ ಕೊನೆಯ ಎರಡು ಮೆಟ್ಟಿಲು ಬಿಟ್ಟು ಜಿಗಿಯುವುದರಿಂದ ಕಣಕಾಲು ಉಳುಕುತ್ತದೆ, ಕೆಳಗೆ ಮೊಳೆ ಹಲಗೆ ಬಿದ್ದಿದ್ದರೆ ಇನ್ನೂ ಕಷ್ಟ. ಜೋರು ಗಾಳಿ, ಮಳೆ ಬಂದರೆ ಅದೇ ಕ್ರಮದಲ್ಲಿ ಇಳಿದುಬನ್ನಿ.

7. ಕೆಟ್ಟದ್ದು ಕಂಡರೆ

ದೋಷವಿರುವ ಏಣಿಯನ್ನು ಗೋಡೆಗೆ ಒರಗಿಸಿ ಹೋದರೆ ಇನ್ನೊಬ್ಬರು ಬಂದು ಹತ್ತುತ್ತಾರೆ. ಮೊದಲು ಮಲಗಿಸಿ, ಕೆಂಪು ಪಟ್ಟಿ ಅಥವಾ ಕೆಂಪು ಬಟ್ಟೆ ಕಟ್ಟಿ, ಮೇಸ್ತ್ರಿಗೆ ತಿಳಿಸಿ. ರಿಪೇರಿ ಎಂದರೆ ತಂತಿ ಸುತ್ತುವುದಾಗಲಿ ಮೊಳೆ ಹೊಡೆಯುವುದಾಗಲಿ ಅಲ್ಲ: ರಬ್ಬರ್ ಪಾದವನ್ನು ಅದೇ ಏಣಿಯ ತಯಾರಕರದ್ದೇ ಹೊಸದು ಹಾಕಬಹುದು, ಬಾಗಿದ ಅಲ್ಯೂಮಿನಿಯಂ ಕಂಬವನ್ನು ಬಡಿದು ನೆಟ್ಟಗೆ ಮಾಡುವಂತಿಲ್ಲ. ಒಮ್ಮೆ ಬಾಗಿದ ಜಾಗದಲ್ಲೇ ಅದು ಮುಂದಿನ ಸಲ ಮುರಿಯುತ್ತದೆ. ರಿಪೇರಿಗೆ ಸಿಗದ ಏಣಿಯನ್ನು ಗರಗಸದಲ್ಲಿ ನಡುವೆ ಎರಡು ತುಂಡು ಮಾಡಿ ಎಸೆಯಿರಿ. ಬಳಕೆಗೆ ಬಾರದ ಹಾರ್ನೆಸ್ಸಿನ ಪಟ್ಟಿಗಳನ್ನೂ ಹಾಗೆಯೇ ಕತ್ತರಿಸಿಬಿಡಿ, ಗುಜರಿ ರಾಶಿಯಿಂದ ಯಾರೂ ಮತ್ತೆ ಎತ್ತಿಕೊಂಡು ಹಾಕಿಕೊಳ್ಳದ ಹಾಗೆ.